ಎಂಟನೆಯ ಕಂತು

ಯಾರಾದರೂ ಹೊಸ ಗಾಡಿಗೆ ಹೂಮಾಲೆ ಹಾಕಿ, ತೆಂಗಿನಕಾಯಿ ಒಡೆದು, ಪೇಢೆ ಹಂಚಲು ನಮ್ಮ ಆಫೀಸಿಗೆ ಬಂದರೆ ನಾನು ಪೇಢೆ ತೆಗೆದುಕೊಳ್ಳುವ ಮೊದಲು ಒಂದು ಪ್ರಶ್ನೆ ಕೇಳುತ್ತೇನೆ. "ರೊಕ್ಕಾ ಕೊಟ್ಟು ತಂದೀರೋ, ಕಂತಿನ ಮ್ಯಾಲೋ?" ಕಂತಿನ ಮೇಲೆ ಎಂದರೆ ಪೇಢೆ ತಿನ್ನುತ್ತೇನೆ, ಆದರೆ ಶುಭಾಶಯ ಹೇಳುವುದಿಲ್ಲ. ಜನ ನನ್ನನ್ನು ಕಹಿಬಾಯಿಯ ಹೆಂಗಸು ಎನ್ನುತ್ತಾರೆ. ಅನ್ನಲಿ.

ಇಂಡಿಯಲ್ಲಿ ತೆರಿಗೆ ಸಲಹೆಗಾರರೊಬ್ಬರ ಆಫೀಸಿನಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಬಿ.ಕಾಂ. ಮುಗಿಸಿದ್ದು ತವರೂರು ಮುದ್ದೇಬಿಹಾಳದಲ್ಲಿ, ಮದುವೆಯಾಗಿ ಬಂದದ್ದು ಸಾಲೋಟಗಿಗೆ. ಮಾವನವರದು ಲಿಂಬೆಹಣ್ಣಿನ ವ್ಯಾಪಾರ. ಸುತ್ತಲಿನ ತೋಟಗಳಲ್ಲಿ ಹಣ್ಣು ಹಿಡಿದು ವಿಜಯಪುರಕ್ಕೂ ಸೊಲ್ಲಾಪುರಕ್ಕೂ ಕಳಿಸುತ್ತಿದ್ದರು. ಅವರಿಗೆ ಇಬ್ಬರು ಗಂಡುಮಕ್ಕಳು. ಹಿರಿಯರು ನಮ್ಮ ಭಾವನವರು, ಮನೆಯ ಲಿಂಬೆ ತೋಟ ನೋಡಿಕೊಳ್ಳುವವರು. ಕಿರಿಯವರು ನನ್ನ ಗಂಡ, ಗಾಡಿ ಓಡಿಸುವವರು. ಬಾಡಿಗೆ ಗಾಡಿಗಳಿಗೆ ಕೊಟ್ಟು ಕೊಟ್ಟು ಬೇಸತ್ತ ಮಾವನವರು ಒಂದು ದಿನ ತಮ್ಮದೇ ಟೆಂಪೊ ತರಬೇಕೆಂದು ನಿಶ್ಚಯಿಸಿದರು. ಅಲ್ಲಿಂದ ಎಲ್ಲ ಶುರುವಾಯಿತು.

ಗಾಡಿಯ ನಗದು ಬೆಲೆ ಎಂಟು ಲಕ್ಷ. ಮಾವನವರ ಕೈಯಲ್ಲಿ ಎರಡು ಲಕ್ಷ ಇತ್ತು. ಉಳಿದ ಆರು ಲಕ್ಷಕ್ಕೆ ಸಿಂದಗಿಯ ಒಂದು ಸಣ್ಣ ಫೈನಾನ್ಸ್ ಕಂಪನಿ ಮುಂದೆ ಬಂತು. ಆರು ತಿಂಗಳಿಗೊಮ್ಮೆ ಒಂದು ಲಕ್ಷ ಐದು ಸಾವಿರ, ಒಟ್ಟು ಎಂಟು ಕಂತು. ಕರಾರಿಗೆ ಸಹಿ ಮಾಡಲು ನಾವೆಲ್ಲ ಸಿಂದಗಿಗೆ ಹೋದೆವು. ಓದು ಬರಹ ಬಲ್ಲ ಸೊಸೆ ಜೊತೆಗಿರಲಿ ಎಂದು ಮಾವನವರು ನನ್ನನ್ನೂ ಕರೆದುಕೊಂಡಿದ್ದರು.

ಆ ಕಂಪನಿಯ ಹಿಂದೆ ತಗಡಿನ ಬೇಲಿ ಹಾಕಿದ ಒಂದು ಬಯಲಿತ್ತು. ಕಂತು ತಪ್ಪಿದವರ ಗಾಡಿಗಳನ್ನು ತಂದು ಅಲ್ಲಿ ನಿಲ್ಲಿಸುತ್ತಿದ್ದರು. ಊರವರು ಅದನ್ನು ದೊಡ್ಡಿ ಎಂದೇ ಕರೆಯುತ್ತಿದ್ದರು, ಹಿಂದೆ ಬೆಳೆ ಮೇಯ್ದ ದನಗಳನ್ನು ಕೂಡುತ್ತಿದ್ದ ದೊಡ್ಡಿಯ ಹಾಗೆ. ನೀರು ಕುಡಿಯಲು ಹಿಂದಕ್ಕೆ ಹೋದವಳು ಬೇಲಿಯ ಸಂದಿಯಿಂದ ಇಣುಕಿದೆ. ಟ್ರ್ಯಾಕ್ಟರು, ಟೆಂಪೊ, ಒಂದು ಶಾಲೆಯ ವ್ಯಾನು. ಮುಂದೆ ಕಟ್ಟಿದ ಲಿಂಬೆ ಮೆಣಸಿನಕಾಯಿ ಒಣಗಿ ಕಪ್ಪಾಗಿದ್ದವು. ಹಿಂದಿನ ಹಲಗೆಗಳ ಮೇಲೆ ಮಕ್ಕಳ ಹೆಸರು, ಮನೆದೇವರ ಹೆಸರು, ತಾಯಿಯ ಆಶೀರ್ವಾದ ಎಲ್ಲ ಹಾಗೇ ಇದ್ದವು. ಮಾಲೀಕರಲ್ಲದವರು ಬರೆಸಿದ ಹೆಸರುಗಳು ಅವು. ನೀರು ಕುಡಿಯದೆಯೇ ಒಳಗೆ ಬಂದೆ.

ಒಳಗೆ ಮ್ಯಾನೇಜರು ನಗುನಗುತ್ತ ಮಾತಾಡುತ್ತಿದ್ದರು. "ಬಡ್ಡಿ ವರ್ಷಕ್ಕ ಹತ್ತು ಪರ್ಸೆಂಟ್ ಅಷ್ಟರಿ ಕಾಕಾ. ನಾಕು ವರ್ಷಕ್ಕ ಎರಡು ಲಕ್ಷ ನಲವತ್ತು ಸಾವಿರ. ಸೀದಾ ಲೆಕ್ಕ."

ಲೆಕ್ಕ ಸೀದಾ ಇರಲಿಲ್ಲ. ಪ್ರತಿ ಕಂತಿನಲ್ಲೂ ಅಸಲಿನ ಒಂದು ಭಾಗ ಮರಳಿ ಹೋಗುತ್ತಿರುತ್ತದೆ, ಬಾಕಿ ಕರಗುತ್ತಿರುತ್ತದೆ. ಆದರೆ ಅವರು ಬಡ್ಡಿ ಹಾಕಿದ್ದು ನಾಲ್ಕೂ ವರ್ಷ ಪೂರ್ತಿ ಆರು ಲಕ್ಷದ ಮೇಲೆ. ಕರಗುವ ಬಾಕಿಯ ಮೇಲೆ ಲೆಕ್ಕ ಹಾಕಿದರೆ ಬಡ್ಡಿ ವರ್ಷಕ್ಕೆ ಹದಿನಾರು ದಾಟುತ್ತಿತ್ತು. ಬಸ್ಸಿನಲ್ಲಿ ಮರಳುವಾಗ ಮಾವನವರಿಗೆ ಹೇಳಿದೆ.

"ಮಾವಾರ, ಅದು ಹತ್ತಲ್ರಿ. ಹದಿನಾರರ ಮ್ಯಾಲ ಬೀಳ್ತೈತಿ."

"ಇರಲಿ ಬಿಡವಾ. ಬಾಡಿಗಿ ಗಾಡಿಯವ್ರಿಗೆ ಕೊಡೋದು ಇದಕ್ಕ ಕೊಟ್ಟಂಗ ಆಗ್ತೈತಿ."

ಅವರ ಮಾತಿನಲ್ಲಿ ಅವರಿಗೇ ಗೊತ್ತಿಲ್ಲದ ಸತ್ಯವಿತ್ತು. ಕರಾರಿನ ಪ್ರಕಾರ ಮಾವನವರು ಖರೀದಿದಾರರಲ್ಲ, ಬಾಡಿಗೆದಾರರು. ಎಂಟನೆಯ ಕಂತು ಸಂದಾಯವಾದ ದಿನ ಮಾತ್ರ ಗಾಡಿ ಅವರದಾಗುತ್ತದೆ. ಏಳು ಕಂತು ಕಟ್ಟಿದರೂ ಎಂಟರಲ್ಲಿ ಏಳು ಪಾಲು ಗಾಡಿ ಅವರದಾಗುವುದಿಲ್ಲ, ಒಂದು ಗಾಲಿಯೂ ಆಗುವುದಿಲ್ಲ. ನೋಂದಣಿ ಪತ್ರದಲ್ಲಿ ಮಾವನವರ ಹೆಸರಿದ್ದರೂ ಅದರ ಕೆಳಗೇ ಕಂಪನಿಯ ಹೆಸರು ಕೂತಿತ್ತು. ಜಾಮೀನುದಾರರ ಜಾಗದಲ್ಲಿ ಭಾವನವರು ಸಹಿ ಹಾಕಿದ್ದರು. "ಜಾಮೀನಂದ್ರ ಏನ್ ಮಹಾ, ಒಂದು ಸೈ ತಾನ?" ಎಂದು ನಕ್ಕಿದ್ದರು. ಆಗ ನಾವೆಲ್ಲರೂ ನಕ್ಕೆವು.

ಮನೆಯ ವ್ಯಾಪಾರದ ಲೆಕ್ಕ ಬರೆಯುವ ಕೆಲಸ ನನ್ನದೇ ಆಗಿತ್ತು. ಪ್ರತಿ ಕಂತನ್ನೂ ನಾನು ಎರಡು ತುಂಡು ಮಾಡಬೇಕಿತ್ತು. ಒಂದು ತುಂಡು ಬಡ್ಡಿ, ಅದು ಖರ್ಚು, ಹೋದದ್ದು ಹೋಯಿತು. ಇನ್ನೊಂದು ಅಸಲು, ಅದಷ್ಟೇ ಗಾಡಿಯ ಬೆಲೆಗೆ ಸಲ್ಲುವುದು. ರಸೀದಿಯಲ್ಲಿ ಈ ತುಂಡುಗಳು ಕಾಣುವುದಿಲ್ಲ. ಅಲ್ಲಿ ಬರೀ ಒಂದು ಲಕ್ಷ ಐದು ಸಾವಿರ ಎಂದಿರುತ್ತದೆ, ಮೊದಲನೆಯದೂ ಅಷ್ಟೇ, ಕೊನೆಯದೂ ಅಷ್ಟೇ. ಆದರೆ ಮೊದಲ ಕಂತಿನಲ್ಲಿ ನಲವತ್ತೊಂಬತ್ತು ಸಾವಿರದಷ್ಟು ಬರೀ ಬಡ್ಡಿಯೇ ಇತ್ತು. ಮಾವನವರು ಆ ರಸೀದಿಯನ್ನು ದೇವರ ಮುಂದಿಟ್ಟು ಕೈಮುಗಿದರು. ಅರ್ಧಕ್ಕರ್ಧ ಗಾಳಿಗೆ ಹೋಗಿದೆ ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ಗಾಡಿ ಚೆನ್ನಾಗಿ ದುಡಿಯಿತು. ಲಿಂಬೆ ಇಲ್ಲದ ದಿನಗಳಲ್ಲಿ ನನ್ನ ಗಂಡ ಮನಗೂಳಿಯಿಂದ ಉಳ್ಳಾಗಡ್ಡಿ, ಗೊಳಸಂಗಿಯಿಂದ ಕಡಲೆ, ಏನು ಸಿಕ್ಕರೂ ತುಂಬಿಕೊಂಡು ಹೋಗುತ್ತಿದ್ದರು. ಐದು ಕಂತು ತಪ್ಪದೆ ಹೋದವು. ಐದನೆಯದು ಕಟ್ಟಿ ಬಂದ ಕೆಲವೇ ವಾರಗಳಲ್ಲಿ ಮಾವನವರು ಅಂಗಳದಲ್ಲಿ ಹಣ್ಣು ಆರಿಸುತ್ತ ಕುಳಿತವರು ಹಾಗೆಯೇ ಪಕ್ಕಕ್ಕೆ ವಾಲಿದರು. ಆಸ್ಪತ್ರೆ ಮುಟ್ಟುವ ಹೊತ್ತಿಗೆ ಜೀವ ಇರಲಿಲ್ಲ. ನನಗೆ ತಂದೆಯೇ ಹೋದಂತಾಯಿತು. ಸೊಸೆಯ ಲೆಕ್ಕವನ್ನು ಒಪ್ಪದಿದ್ದರೂ ಕೂತು ಕೇಳುತ್ತಿದ್ದವರು ಆ ಮನೆಯಲ್ಲಿ ಅವರೊಬ್ಬರೇ.

ವರ್ಷಾಂತಿಕ ಆಗುವವರೆಗೂ ಕಾಯಲಿಲ್ಲ, ವಾಟ್ನಿಯ ಮಾತು ಎದ್ದಿತು. ಅಣ್ಣತಮ್ಮಂದಿರು ಆಸ್ತಿ ಹಂಚಿಕೊಳ್ಳುವುದಕ್ಕೆ ನಮ್ಮ ಕಡೆ ವಾಟ್ನಿ ಎನ್ನುತ್ತಾರೆ. ಅದನ್ನು ಮಾಡಿಸಲು ಅತ್ತೆಯ ಅಣ್ಣ ಬಸವನ ಬಾಗೇವಾಡಿಯಿಂದ ಬಂದರು. ದೊಡ್ಡ ವ್ಯಾಪಾರಸ್ಥರು, ನಾಲ್ಕು ಊರಿನ ಹಂಚಿಕೆ ಬಿಡಿಸಿದವರು. ನಮ್ಮ ಮನೆಯಲ್ಲಿ ಅವರು ಹೇಳಿದ್ದೇ ಕಡೆಯ ಮಾತು. ಅವರ ಜೊತೆ ಊರಿನ ಇನ್ನಿಬ್ಬರು ಹಿರಿಯರು ಜಮಖಾನೆಯ ಮೇಲೆ ಕುಳಿತರು. ಲಿಂಬೆ ತೋಟ ಹಿರಿಯ ಮಗನಿಗೆ, ಅತ್ತೆಯೂ ಅವರ ಹತ್ತಿರ. ಎರಡೆಕರೆ ಒಣ ಹೊಲ ಮತ್ತು ಗಾಡಿ ಕಿರಿಯವನಿಗೆ. ಎರಡೂ ಪಾಲು ಸಮ ಎಂದು ತೋರಿಸಲು ಹಿರಿಯರು ಗಾಡಿಗೆ ಬೆಲೆ ಕಟ್ಟಿದರು.

"ಮೊದಲ ಕೊಟ್ಟದ್ದು ಎರಡು ಲಕ್ಷ. ಐದು ಕಂತು, ಐದೂ ಕಾಲು ಲಕ್ಷ. ಒಟ್ಟು ಏಳೂ ಕಾಲು ಲಕ್ಷ ಅದರಾಗ ಹೋಗೇತಿ. ಸಣ್ಣಾವಗ ಏಳೂ ಕಾಲು ಲಕ್ಷದ ಮಾಲು ಸಿಕ್ಕಂಗಾತು."

ನಮ್ಮ ಮನೆಯಲ್ಲಿ ಸೊಸೆಯಂದಿರು ಭಾವನ ಎದುರು ಮಾತಾಡುವುದಿಲ್ಲ. ಏನಾದರೂ ಹೇಳುವುದಿದ್ದರೆ ಅತ್ತೆಯ ಕಡೆ ತಿರುಗಿ ಹೇಳಬೇಕು, ಭಾವನೂ ಅತ್ತೆಯ ಮೂಲಕವೇ ಉತ್ತರ ಕೊಡಬೇಕು. ನಾನು ಬಾಗಿಲ ಹತ್ತಿರ ಸೆರಗು ಹೊದ್ದು ನಿಂತಿದ್ದೆ. ಏಳೂ ಕಾಲು ಲಕ್ಷ ಎಂದದ್ದು ಕೇಳಿ ನನ್ನ ತಲೆ ಕೆಟ್ಟಿತು. ಸೀದಾ ಹಿರಿಯರಿಗೇ ಹೇಳಿದೆ.

"ಕಾಕಾರ, ಆ ಐದು ಕಂತಿನಾಗ ಹತ್ತಿರ ಹತ್ತಿರ ಎರಡು ಲಕ್ಷ ಬರೇ ಬಡ್ಡಿ ಐತ್ರಿ. ಬಡ್ಡಿ ಗಾಡಿಯಾಗ ಕೂಡಂಗಿಲ್ಲ. ಎರಡೂವರಿ ವರ್ಷ ಓಡಿದ ಗಾಡಿ ಇವತ್ತ ಮಾರಿದ್ರ ಐದು ಲಕ್ಷ ಬಂದ್ರ ಹೆಚ್ಚು. ಅಸಲಿನ ಬಾಕೀನ ಇನ್ನೂ ಎರಡು ಲಕ್ಷ ಎಪ್ಪತ್ತು ಸಾವಿರ ಐತಿ. ಕಳದ್ರ ಎರಡು ಲಕ್ಷ ಮೂವತ್ತು ಸಾವಿರ ಉಳೀತಾವ ನೋಡ್ರಿ, ಅಷ್ಟ ಅದರ ಬೆಲಿ."

ಭಾವನವರು ನನ್ನ ಕಡೆ ನೋಡದೆ ಅತ್ತೆಗೆ ಹೇಳಿದರು. "ಯವ್ವಾ, ಆಕಿನ್ನ ಕೇಳು. ಅಪ್ಪನ ಲೆಕ್ಕದಾಗ ಗಾಡಿನ್ನ ಆಸ್ತಿ ಅಂತ ಬರದಾಕಿ ಯಾರು?"

"ನಾನ ಬರದೇನಿ. ಅದನ್ನ ದುಡಿಸಿ ತಿನ್ನೋರು ನಾವಂತ ಆಸ್ತಿ ಕಡೆ ಬರೀತಾರ. ಅದರ ಎದರಿಗೇ ಕಂಪನಿ ಬಾಕೀನೂ ಬರದೇನಿ. ಮಾಲಕಿ ಹಕ್ಕು ಮಾತ್ರ ಅವರದರಿ. ಕಡೀ ಕಂತು ಮುಟ್ಟೋತನಕ ಗಾಡಿ ನಮ್ಮದಲ್ಲ. ನಮ್ಮದಲ್ಲದ್ದಕ್ಕ ಪೂರ್ತಿ ಬೆಲಿ ಹಾಕಿ ಪಾಲಿಗೆ ಹೆಂಗ ಕೊಡತೀರಿ?"

ನಾನು ಹೇಳಿದ್ದರಲ್ಲಿ ಎರಡು ಮಾತಿದ್ದವು. ಒಂದು, ಗಾಡಿಯ ಬೆಲೆ ನೀವಂದಷ್ಟಿಲ್ಲ, ಕಿರಿಯವನಿಗೆ ಇನ್ನಷ್ಟು ಕೊಡಿ. ಇನ್ನೊಂದು, ಗಾಡಿ ಇನ್ನೂ ನಮ್ಮದಾಗಿಲ್ಲ. ಬಾಗೇವಾಡಿಯ ಹಿರಿಯರು ಕಣ್ಣುಮುಚ್ಚಿ ಯೋಚಿಸಿದರು, ಎರಡನೆಯದನ್ನು ಮಾತ್ರ ಎತ್ತಿಕೊಂಡರು.

"ಹುಡುಗಿ ಅನ್ನೋದು ಖರೇ ಐತಿ. ನಮ್ಮದಾಗದ ಮಾಲು ಪತ್ರದಾಗ ಬರಿಯೋದು ಬ್ಯಾಡ. ಕೂಸು ಹುಟ್ಟೂಕಿಂತ ಮುಂಚೆ ಕುಲಾವಿ ಯಾಕ? ಹೊಲ ತೋಟ ಅಷ್ಟ ಬರೀರಿ. ಗಾಡಿ ಸಣ್ಣಾವಂದು ಅಂತ ಬಾಯಿಮಾತು ಇರಲಿ. ಇಷ್ಟು ಮಂದಿ ಕುಂತೇವಿ, ಯಾರು ತಪ್ತಾರ?"

ಪಾಲು ಮೊದಲಿನಷ್ಟೇ ಉಳಿಯಿತು, ಪತ್ರದಿಂದ ಗಾಡಿ ಮಾತ್ರ ಹೋಯಿತು. ಸಹಿ ಹಾಕಬೇಡಿ ಎಂದು ಗಂಡನಿಗೆ ಕಣ್ಸನ್ನೆ ಮಾಡಿದೆ. ಅವರು ಅಣ್ಣನ ಮುಖ ನೋಡಿದರು, ತಾಯಿಯ ಮುಖ ನೋಡಿದರು, ಸಹಿ ಹಾಕಿದರು. ಅವರಿಗೆ ಗಾಡಿಯ ಮೇಲೆ ಪ್ರಾಣ. ಹೊಲ ತೋಟ ಏನಾದರೂ ಆಗಲಿ, ಗಾಡಿ ತನ್ನ ಹತ್ತಿರ ಇದ್ದರೆ ಸಾಕು ಎನ್ನುವ ಮನುಷ್ಯ. ಆ ಮಧ್ಯಾಹ್ನ ಹೋಳಿಗೆ ಊಟವಾಯಿತು. ಬಡಿಸಿದವಳು ನಾನೇ.

ಕರಾರನ್ನು ಗಂಡನ ಹೆಸರಿಗೆ ಬದಲಾಯಿಸಲು ಸಿಂದಗಿಗೆ ಹೋದೆವು. ಮ್ಯಾನೇಜರು ತಲೆ ಅಲ್ಲಾಡಿಸಿದರು. ಹೊಸ ಕರಾರು ಮಾಡಿದರೆ ಹೊಸ ಬಡ್ಡಿ, ಹೊಸ ಶುಲ್ಕ, ಹೊಸ ಜಾಮೀನು. "ಮೂರ ಕಂತು ಉಳದಾವರಿ. ಕಾಕಾನ ಹೆಸರಿನ್ಯಾಗ ಕಟ್ಕೋಂತ ಹೋಗ್ರಿ. ಮುಗದಮ್ಯಾಲ ನೋಡೂಣು" ಎಂದರು. ಹಾಗಾಗಿ ನನ್ನ ಗಂಡ ದುಡಿದ ದುಡ್ಡಿಗೆ ಸತ್ತವರ ಹೆಸರಿನಲ್ಲಿ ರಸೀದಿ ಬರತೊಡಗಿತು. ಆರನೆಯದು ಬಂತು, ಆಮೇಲೆ ಏಳನೆಯದು. ಪ್ರತಿ ರಸೀದಿ ನೋಡಿದಾಗಲೂ ಕಡೆಗೆ ಗಾಡಿ ಯಾರದಾಗುತ್ತದೆ ಎಂಬ ಪ್ರಶ್ನೆ ಏಳುತ್ತಿತ್ತು. ಯಾರಿಗೆ ಹೇಳಲಿ?

ಆ ಒಂದು ವರ್ಷದಲ್ಲಿ ಭಾವನವರು ಬದಲಾದದ್ದನ್ನು ನಾನು ಕಣ್ಣಾರೆ ಕಂಡೆ. ಮೊದಲು ಅವರು ನಮ್ಮ ಗಾಡಿಯನ್ನು ಸಾಲದ ಗಾಡಿ ಎನ್ನುತ್ತಿದ್ದರು. ತಮ್ಮ ತೋಟದ ಹಣ್ಣನ್ನೂ ಅದರಲ್ಲಿ ಹಾಕುತ್ತಿರಲಿಲ್ಲ. ಆರನೆಯ ಕಂತು ಹೋದ ಮೇಲೆ ಹಣ್ಣು ಹಾಕತೊಡಗಿದರು. ಏಳನೆಯದು ಹೋದ ಮೇಲೆ ಬೆಳಗ್ಗೆ, ವಾಟ್ನಿಯಾದ ಮೇಲೆ ನಾವು ಬೇರೆ ಮಾಡಿದ್ದ ಮನೆಯ ಮುಂದೆ ಹಾಯುವಾಗ ನಿಂತು ಟೈರಿಗೆ ಕಾಲಿನಿಂದ ಒದ್ದು ನೋಡುತ್ತಿದ್ದರು. ಒಂದು ದಿನ ಮುಂಗಾಜಿನ ಮೇಲಿನ ಧೂಳನ್ನು ತಮ್ಮ ಟವೆಲಿನಿಂದ ಒರೆಸುತ್ತಿದ್ದರು. ಗಂಡನಿಗೆ ಅದು ಪ್ರೀತಿಯಾಗಿ ಕಂಡಿತು. "ಅಣ್ಣಗ ಈಗ ಗಾಡಿ ಮ್ಯಾಲ ಜೀವ ಬಂದೈತಿ ನೋಡು" ಎಂದು ನಗುತ್ತ ಹೇಳಿದರು. ನನಗೆ ನಗು ಬರಲಿಲ್ಲ. ಒಂದು ಸಂಜೆ ಅತ್ತೆ ಮೊಸರು ಕೊಡಲು ಬಂದವರು, "ದೊಡ್ಡಾಂವ ಕೇಳಾಕತ್ತಿದ್ದ, ಇನ್ನೆಷ್ಟು ಕಂತು ಉಳದಾವಂತ" ಎಂದರು. ಮುದುಕಿಗೆ ಏನೂ ಗೊತ್ತಿರಲಿಲ್ಲ. ನಾನು ಮೊಸರಿನ ಗಿಂಡಿ ಒಳಗಿಟ್ಟು, "ಒಂದ ಉಳದೈತ್ರಿ" ಎಂದೆ.

ಎಂಟನೆಯ ಕಂತಿಗೆ ಒಂದು ತಿಂಗಳಿದ್ದಾಗ ನಾನೊಬ್ಬಳೇ ಸಿಂದಗಿಗೆ ಹೋಗಿ ಮ್ಯಾನೇಜರನ್ನು ಕೇಳಿದೆ. ಕಡೆಯ ಕಂತು ಕಟ್ಟಿದರೆ ಗಾಡಿ ಯಾರದಾಗುತ್ತದೆ?

"ಕರಾರು ಮಾಡಿದವರದರಿ. ಅಂದ್ರ ಕಾಕಾಂದು."

"ಅವರು ತೀರ್ಕೊಂಡಾರಲ್ರಿ."

"ಹಂಗಾದ್ರ ಅವರ ವಾರಸದಾರರದು. ಎಲ್ಲಾರದೂ ಸೈ ಬೇಕಾಗ್ತೈತ್ರಿ, ನಿಮ್ಮ ಯಜಮಾನರ ಹೆಸರಿಗೆ ಮಾಡಬೇಕಂದ್ರ. ಇಲ್ಲಾ, ಗಾಡಿ ಇವರ ಪಾಲಿಗೆ ಬಂದೈತಿ ಅಂತ ವಾಟ್ನಿ ಪತ್ರ ಇದ್ರ ತರ್ರಿ."

ನಮ್ಮ ಪತ್ರದಲ್ಲಿ ಗಾಡಿಯ ಮಾತೇ ಇರಲಿಲ್ಲ. ಬಾಕಿ ಇರುವತನಕ ಅದು ನಮ್ಮೊಬ್ಬರ ತಲೆನೋವು, ಬಾಕಿ ತೀರಿದ ದಿನ ಎಲ್ಲರ ಆಸ್ತಿ. ಬೇಲಿಯ ಆಚೆ ಯಾವುದೋ ಗಾಡಿಯನ್ನು ಹೊಸದಾಗಿ ತಂದು ನಿಲ್ಲಿಸುತ್ತಿದ್ದರು. ಅದರ ಇಂಜಿನ್ ಶಬ್ದ ನಿಂತದ್ದು ಕೇಳಿಸಿತು.

ಮನೆಗೆ ಬಂದು ಗಂಡನಿಗೆ ಬಿಡಿಸಿ ಹೇಳಿದೆ. ಮೊದಲು ಭಾವನವರ ಸಹಿ, ಆಮೇಲೆ ಕಂತು. ಅವರು ಅಣ್ಣನ ಹತ್ತಿರ ಹೋದರು. ನಾನೂ ಹಿಂದೆ ಹೋಗಿ ಅತ್ತೆಯ ಪಕ್ಕ ನಿಂತೆ. ಭಾವನವರು ಬಹಳ ತಣ್ಣಗೆ ಮಾತಾಡಿದರು.

"ಅಲ್ಲೋ ತಮ್ಮಾ, ನಮ್ಮದಾಗದ ಗಾಡಿಗೆ ನಾ ಹೆಂಗ ಸೈ ಮಾಡ್ಲಿ? ಹಂಗಂತ ನಿನ್ನ ಹೆಂಡತೀನ ಹೇಳ್ಯಾಳಲ್ಲ. ಮೊದಲ ಕಡೀ ಕಂತು ಕಟ್ಟಿ ಬಾ. ನಮ್ಮದಾಗಲಿ. ಆಮ್ಯಾಲ ಮಾಡೂಣು."

ನನ್ನ ಮಾತನ್ನು ಹೀಗೆ ಕೂದಲೆಳೆಯೂ ತಪ್ಪದಂತೆ ಯಾರೂ ನೆನಪಿಟ್ಟಿರಲಿಲ್ಲ. ಅತ್ತೆಯ ಮುಖ ನೋಡಿದೆ. ಅವರು ಸೆರಗಿನ ತುದಿ ತಿರುವುತ್ತಿದ್ದರು. ಬಾಗೇವಾಡಿಗೆ ಫೋನ್ ಮಾಡಿದರೆ ಹಿರಿಯರು, "ಅಣ್ಣತಮ್ಮರ ನಡುವ ಕಾಗದಾ ಯಾಕವಾ? ಕಂತು ಕಟ್ಟಿಬಿಡ್ರಿ" ಎಂದರು.

ಕಟ್ಟಬಾರದು ಎಂದೆ ನಾನು. ಒಂದು ಲಕ್ಷ ಐದು ಸಾವಿರ ಬ್ಯಾಂಕಿನಲ್ಲಿ ಸಿದ್ಧವಿತ್ತು. ಕಟ್ಟದಿದ್ದರೆ ಗಾಡಿ ಕಂಪನಿಯದಾಗಿಯೇ ಉಳಿಯುತ್ತದೆ, ಮನೆಯ ಯಾರೂ ಅದರ ಮೇಲೆ ಕೈ ಹಾಕುವಂತಿಲ್ಲ. ಕೆಲವು ದಿನ ದಂಡದ ಬಡ್ಡಿ ಬೀಳುತ್ತದೆ, ಬೀಳಲಿ. ಒಂದೇ ಕಂತಿಗಾಗಿ ಅವರು ತಕ್ಷಣ ಗಾಡಿ ಎಳೆದುಕೊಂಡು ಹೋಗುವುದಿಲ್ಲ, ಮೊದಲು ನೋಟಿಸು ಕೊಡಬೇಕು. ಅಷ್ಟರಲ್ಲಿ ಭಾವನವರು ಬಗ್ಗುತ್ತಾರೆ. ಈಗಲೂ ಹೇಳುತ್ತೇನೆ, ಆ ಲೆಕ್ಕದಲ್ಲಿ ತಪ್ಪಿರಲಿಲ್ಲ.

ಗಡುವು ದಾಟಿತು. ಗಂಡ ಅನ್ನ ಬಿಟ್ಟವರಂತೆ ಓಡಾಡಿದರು. ಪ್ರತಿ ಸಲ ಹೊರಗೆ ಬೈಕಿನ ಸದ್ದಾದರೂ ಓಡಿಹೋಗಿ ಗಾಡಿ ಇದೆಯೇ ಎಂದು ನೋಡುತ್ತಿದ್ದರು. ಅಂಚೆಯವನು ನೋಟಿಸು ತಂದ ದಿನ ನನಗೊಂದು ಬಗೆಯ ನೆಮ್ಮದಿಯೇ ಆಯಿತು, ನಾನಂದುಕೊಂಡ ಹಾಗೆಯೇ ನಡೆಯುತ್ತಿದೆ ಎಂದು. ಹದಿನೈದು ದಿನದ ಅವಕಾಶ ಕೊಟ್ಟಿದ್ದರು. ಕಾಗದದ ಕೆಳಗೆ ಸಣ್ಣ ಅಕ್ಷರದಲ್ಲಿ, ಇದರ ಪ್ರತಿಯನ್ನು ಜಾಮೀನುದಾರರಿಗೆ ಕಳಿಸಲಾಗಿದೆ ಎಂದಿತ್ತು. ಅದನ್ನು ಎರಡು ಸಲ ಓದಿದೆ. ಜಾಮೀನಿಗೆ ಸಹಿ ಹಾಕಿದ್ದವರು ಭಾವನವರು.

"ನಡೀರಿ, ಈಗಿಂದೀಗ ಕಟ್ಟಿ ಬರೂಣು" ಎಂದೆ. ಬ್ಯಾಂಕಿನಿಂದ ದುಡ್ಡು ತೆಗೆಸಿ ಇಬ್ಬರೂ ಗಾಡಿಯಲ್ಲೇ ಸಿಂದಗಿಗೆ ಹೋದೆವು. ಬಿಸಿಲಿಗೆ ರಸ್ತೆ ಕುದಿಯುತ್ತಿತ್ತು. ಕಂಪನಿಯ ಬಾಗಿಲಲ್ಲಿ ಭಾವನವರ ಬೈಕು ಇರಲಿಲ್ಲ. ಇಲ್ಲವೆಂದು ನಾನು ಉಸಿರು ಬಿಟ್ಟೆ.

ಮ್ಯಾನೇಜರು ಎದ್ದು ನಿಂತರು, ಯಾಕೋ ಬಹಳ ಗೌರವ ತೋರಿಸಿದರು. "ನಿಮ್ಮ ಅಣ್ಣಾರು ನಿನ್ನೇನ ಕಟ್ಟಿ ಹೋದ್ರಲ್ರಿ, ದಂಡದ ಬಡ್ಡಿ ಸಮೇತ. ಜಾಮೀನುದಾರರು ಕಟ್ಟಿದ್ರ ನಾವು ಒಲ್ಲೆ ಅನ್ನಾಕ ಬರಂಗಿಲ್ಲ. ಮನಿ ಹಿರೇಮಗ ಬ್ಯಾರೆ. ಬಾಕಿ ಇಲ್ಲಂತ ಪತ್ರ ಅವರ ಕೈಯಾಗ ಕೊಟ್ಟೇವಿ. ಎರಡನೇ ಕೀಲೀನೂ."

ಗಾಡಿ ಕೊಡುವಾಗ ಎರಡು ಕೀಲಿಕೈಗಳಲ್ಲಿ ಒಂದನ್ನು ಕಂಪನಿಯವರು ಇಟ್ಟುಕೊಂಡಿರುತ್ತಾರೆ. ಕಂತು ತಪ್ಪಿದರೆ ಸದ್ದಿಲ್ಲದೆ ಓಡಿಸಿಕೊಂಡು ಹೋಗಲು ಅದು ಬೇಕು. ಅಂಥ ಕೀಲಿ ಒಂದಿದೆ ಎಂಬುದು ನನಗೆ ಅಂದೇ ತಿಳಿಯಿತು. ಗಂಡ ದುಡ್ಡಿನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತೇ ಇದ್ದರು. ಮ್ಯಾನೇಜರು ಚಹಾ ತರಿಸಿದರು. ಆ ಮನುಷ್ಯನ ಮೇಲೆ, ಭಾವನ ಮೇಲೆ, ಬಾಗೇವಾಡಿಯ ಹಿರಿಯರ ಮೇಲೆ, ಸಹಿ ಹಾಕಿದ ಗಂಡನ ಮೇಲೆ, ಎಲ್ಲರ ಮೇಲೂ ನನಗೆ ಸಿಟ್ಟು ಉಕ್ಕಿತು. ಅಳಬಾರದು ಎಂದುಕೊಂಡಿದ್ದೆ, ಅತ್ತುಬಿಟ್ಟೆ.

ಹಿರಿಯರು ಮತ್ತೆ ಜಮಖಾನೆ ಹಾಸಿದರು. ಬಾಯಿಮಾತಿನ ನೆನಪು ಅವರಲ್ಲಿ ಎಲ್ಲರಿಗೂ ಒಂದೇ ತೆರನಾಗಿರಲಿಲ್ಲ. ಒಬ್ಬರು ಗಾಡಿ ಕಿರಿಯವನಿಗೆ ಅಂದಿದ್ದೆವು ಎಂದರು, ಇನ್ನೊಬ್ಬರು ಓಡಿಸಲು ಮಾತ್ರ ಅಂದಿದ್ದೆವು ಎಂದರು. ಪತ್ರದಲ್ಲಿಲ್ಲದ್ದು ಇಬ್ಬರಿಗೂ ಸೇರಿದ್ದು ಎಂದು ಬಾಗೇವಾಡಿಯವರು ತೀರ್ಮಾನಿಸಿದರು. ಹಾಗಾದರೆ ಅರ್ಧ ಬೆಲೆ ಕೊಟ್ಟು ಒಬ್ಬರು ಬಿಡಿಸಿಕೊಳ್ಳಲಿ ಎಂದಾಯಿತು. ನಾಲ್ಕು ವರ್ಷ ಓಡಿದ ಗಾಡಿಗೆ ನಾಲ್ಕು ಲಕ್ಷ ಬೆಲೆ ಕಟ್ಟಿದರು. ಬಿಡಿಸಿಕೊಳ್ಳಬೇಕಾದರೆ ನಾವು ಭಾವನವರಿಗೆ ಅರ್ಧ ಬೆಲೆ ಎರಡು ಲಕ್ಷ, ಅದರ ಮೇಲೆ ಅವರು ಕಟ್ಟಿದ ಕಂತು ಕೊಡಬೇಕು. ನಮ್ಮ ಹತ್ತಿರ ಅಷ್ಟಿರಲಿಲ್ಲ. ಅವರ ಹತ್ತಿರ ತೋಟವಿತ್ತು. ನನ್ನ ಗಂಡ ಕಟ್ಟಿದ ಆರನೆಯ ಮತ್ತು ಏಳನೆಯ ಕಂತಿನ ಮಾತು ಎತ್ತಿದೆ. ಅಷ್ಟು ದಿನ ಗಾಡಿಯ ಗಳಿಕೆ ಉಂಡವರು ಯಾರು ಎಂದು ಹಿರಿಯರು ಕೇಳಿದರು. ಕೋರ್ಟಿಗೆ ಹೋಗೋಣ ಎಂದೆ. ಗಂಡ ನನ್ನ ಕಡೆ ಕೈ ಮುಗಿದರು. "ಸಾಕಬೇ. ನನ್ನ ಕೈಲೆ ಆಗಂಗಿಲ್ಲ." ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎಂದು ಊರವರು ಮರುಗಿದರು. ಅಣ್ಣನಿಂದ ಎರಡು ಲಕ್ಷ ತೆಗೆದುಕೊಂಡು ನನ್ನ ಗಂಡ ಒಪ್ಪಿಗೆ ಪತ್ರಕ್ಕೆ ಸಹಿ ಹಾಕಿದರು.

ಮಾರ್ಚ್ ಕೊನೆಯಲ್ಲಿ ಭಾವನವರು ನಮ್ಮ ಆಫೀಸಿಗೇ ಬಂದರು. ಅವರ ಲೆಕ್ಕವೂ ಇಲ್ಲೇ ಆಗುವುದು, ಸಲಹೆಗಾರರು ಹಳೆಯ ಪರಿಚಯ. ಮನೆಯಲ್ಲಿ ಅತ್ತೆಯ ಮೂಲಕ ಮಾತಾಡುವವರು ಇಲ್ಲಿ ನನ್ನ ಮೇಜಿನ ಎದುರು ಕುರ್ಚಿ ಎಳೆದುಕೊಂಡು ಕುಳಿತರು.

"ತಂಗಿ, ಗಾಡಿ ನನ್ನ ಹೆಸರಿಗೆ ಆಗೇತಿ. ಆಸ್ತಿಯಾಗ ಹಾಕು. ಲಿಂಬಿ ವ್ಯಾಪಾರ ಈಗ ನಾನ ಮಾಡಾಕತ್ತೇನಿ."

ಕಂಪ್ಯೂಟರಿನಲ್ಲಿ ಅವರ ಲೆಕ್ಕ ತೆರೆದೆ. ನಮಗೆ ಕೊಟ್ಟ ಎರಡು ಲಕ್ಷ, ಕಡೆಯ ಕಂತು ಒಂದು ಲಕ್ಷ ಐದು ಸಾವಿರ. ಆ ಕಂತನ್ನು ಅಭ್ಯಾಸಬಲದಿಂದ ತುಂಡು ಮಾಡಿದೆ. ಅದರಲ್ಲಿ ಬಡ್ಡಿ ಎಂಟು ಸಾವಿರವೂ ಇರಲಿಲ್ಲ. ತೊಂಬತ್ತೇಳು ಸಾವಿರ ಪೂರಾ ಅಸಲು. ಬಡ್ಡಿಯನ್ನೆಲ್ಲ ಮೊದಲಿನ ಕಂತುಗಳಲ್ಲಿ ಮಾವನವರೂ ನನ್ನ ಗಂಡನೂ ಕಟ್ಟಿ ಮುಗಿಸಿದ್ದರು. ಭಾವನವರು ಹಾಕಿದ ದುಡ್ಡು ಹತ್ತಿರ ಹತ್ತಿರ ಎಲ್ಲವೂ ಗಾಡಿಯೇ ಆಗಿತ್ತು. ನಮೂದು ಸರಿಯಾಗಿಯೇ ಮಾಡಿದೆ.

"ಖರ್ಚಿನಾಗ ಏನೇನ್ ಬರೀಲ್ರಿ?" ಎಂದು ಕೇಳಿದೆ.

"ಡೀಸೆಲ್ ಬರಿ. ರಿಪೇರಿ ಬರಿ. ಡ್ರೈವರ್ ಪಗಾರ ತಿಂಗಳಿಗೆ ಹನ್ನೆರಡು ಸಾವಿರ ಬರಿ."

ಕಿಟಕಿಯ ಹೊರಗೆ ಗಾಡಿ ನೆರಳಲ್ಲಿ ನಿಂತಿತ್ತು. ಅವರನ್ನು ಕರೆದುಕೊಂಡು ಬಂದವರು ಸ್ಟೇರಿಂಗಿನ ಮೇಲೆ ತಲೆಯಿಟ್ಟು ಕಾಯುತ್ತಿದ್ದರು. ಸಾಫ್ಟ್‌ವೇರು ಪಗಾರ ಪಡೆಯುವವರ ಹೆಸರು ಕೇಳಿತು. ನಾನು ನನ್ನ ಗಂಡನ ಹೆಸರು ಬರೆದೆ.